ಬಾಣಂತಿಯ ಖಿನ್ನತೆ: ಅಂಕ ಹಾಕುವುದು ಹೇಗೆ, ಅಂಕ ಬಂದ ಮೇಲೆ ಮಾತಾಡುವುದು ಹೇಗೆ

ಪ್ರಶ್ನೆ: ಗೋವಾದ ವಾಸ್ಕೋ ಹತ್ತಿರದ ಜುವಾರಿನಗರದಲ್ಲಿ ಮನೆ ಭೇಟಿಗೆ ಹೋಗುವ ದಾದಿ ನಾನು. ಇಲ್ಲಿ ಹೆಚ್ಚಿನ ಬಾಣಂತಿಯರು ವಿಜಯಪುರ, ಬಾಗಲಕೋಟೆ ಕಡೆಯವರು. ಖಿನ್ನತೆಯ ಹತ್ತು ಪ್ರಶ್ನೆಗಳ ಪಟ್ಟಿ ತುಂಬಿಸಿದರೆ ಎಲ್ಲರದ್ದೂ 4, 5 ಅಂಕ. ಮುಖ ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಅಂಕ ಹೆಚ್ಚು ಬಂದರೂ ನನಗೆ ಏನು ಮಾತಾಡಬೇಕೋ ಗೊತ್ತಾಗುವುದಿಲ್ಲ, ನಾನೇನು ಮನೋವೈದ್ಯೆ ಅಲ್ಲವಲ್ಲ. ಹೊಸದಾಗಿ ಸೇರಿದ ಹುಡುಗಿಯರಿಗೂ ಓದಲು ಕೊಡುವ ಹಾಗೆ ಬರೆದುಕೊಡುತ್ತೀರಾ?

ಉತ್ತರ: ಎಲ್ಲರಿಗೂ 4, 5 ಬರುತ್ತಿದೆ ಎಂದರೆ ಮೊದಲು ನೋಡಬೇಕಾದದ್ದು ಪಟ್ಟಿಯನ್ನಲ್ಲ, ಅದನ್ನು ಕೇಳಿದ ಜಾಗವನ್ನು. ಒಂದೇ ಕೋಣೆಯ ಮನೆ. ಅತ್ತೆ ಮೂಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಾರೆ, ಗಂಡ ಬಾಗಿಲಲ್ಲಿ ನಿಂತಿದ್ದಾನೆ. ಅಲ್ಲಿ ‘ಕಳೆದ ವಾರ ಅಳು ಬಂತಾ’ ಎಂದು ಕೇಳಿದರೆ ‘ಏನಿಲ್ರೀ, ಆರಾಮ ಅದೀನಿ’ ಎಂಬ ಉತ್ತರ ಬಿಟ್ಟು ಬೇರೆ ಬರುವುದಿಲ್ಲ. ಕೊಂಕಣಿ ಅಥವಾ ಮರಾಠಿ ಪಟ್ಟಿ ಹಿಡಿದು ಮನೆಯವರ ಬಾಯಿಂದ ಕನ್ನಡಕ್ಕೆ ತಿರುಗಿಸಿ ಕೇಳಿದರಂತೂ ನಿಮ್ಮ ಕಾಗದದ ಮೇಲೆ ಬರುವುದು ಬಾಣಂತಿಯ ಅಂಕವಲ್ಲ, ಮನೆಯವರ ಅಂಕ. ಕನ್ನಡ ಪಟ್ಟಿ ಇದೆ, ಅದನ್ನೇ ಬಳಸಿ. ಓದಲು ಬಾರದವಳಿಗೆ ನೀವೇ ಓದಿ ಹೇಳಿ. ಪ್ರತಿ ಪ್ರಶ್ನೆಯ ನಾಲ್ಕೂ ಉತ್ತರಗಳನ್ನು ಪೂರ್ತಿ ಓದಿ ಮುಗಿಸಿದ ಮೇಲೆ ಅವಳು ಆರಿಸಲಿ. ಮೊದಲೆರಡು ಓದಿ ನಿಲ್ಲಿಸಿದರೆ ಆ ಎರಡರಲ್ಲೇ ಒಂದನ್ನು ಹೇಳಿಬಿಡುತ್ತಾಳೆ.

ಏಕಾಂತ ಸಿಗುವುದು ಕಷ್ಟ, ನಿಜ. ಆದರೆ ಒಂದು ಸಮಯ ನಿಮ್ಮ ಕೈಯಲ್ಲೇ ಇದೆ. 6, 10, 14 ವಾರಗಳ ಲಸಿಕೆ ಹಾಕಿದ ಮೇಲೆ ಮಗುವನ್ನು ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳಬೇಕಲ್ಲ, ಆ ಅರ್ಧ ಗಂಟೆ. ಅತ್ತೆಯ ಕೈಗೆ ಮಗು ಕೊಟ್ಟು, ‘ಬಾಣಂತಿಯ ತೂಕ, ಬಿಪಿ ನೋಡಬೇಕು, ಒಳಗ ಬಾ ಅವ್ವ’ ಎಂದು ಕರೆದರೆ ಯಾರಿಗೂ ಅನುಮಾನ ಬರುವುದಿಲ್ಲ. ಬಿಪಿಯನ್ನೂ ನಿಜವಾಗಿ ನೋಡಿ. ಪಟ್ಟಿ ಕೇಳಲು ಹತ್ತು ನಿಮಿಷ ಸಾಕು, ಉಳಿದ ಹೊತ್ತು ಮಾತಿಗೆ.

ಯಾವ ವಾರದಲ್ಲಿ ಕೇಳಬೇಕು ಎಂಬುದಕ್ಕೂ ಲೆಕ್ಕವಿದೆ. ಹೆರಿಗೆಯಾದ ಮೂರರಿಂದ ಐದನೇ ದಿನದಲ್ಲಿ ಬಹಳ ಬಾಣಂತಿಯರಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ, ಸಣ್ಣ ಮಾತಿಗೂ ಮನಸ್ಸು ನೋಯುತ್ತದೆ. ಎರಡು ವಾರದೊಳಗೆ ಅದು ತಾನಾಗಿ ಇಳಿಯುತ್ತದೆ. ಆಗ ಪಟ್ಟಿ ತುಂಬಿಸಿದರೆ ರೋಗವಿಲ್ಲದವರಿಗೂ ಅಂಕ ಏರುತ್ತದೆ. ಆರನೇ ವಾರದ ಲಸಿಕೆ ಒಳ್ಳೆಯ ಸಮಯ. ಆದರೆ ನಿಮ್ಮ ವಸತಿಯಲ್ಲಿ ಇನ್ನೊಂದು ತೊಡಕಿದೆ. ಹೆರಿಗೆಗೆ ತವರಿಗೆ ಹೋದವಳು ಮೂರು, ನಾಲ್ಕು ತಿಂಗಳಾದ ಮೇಲೆ ಗೋವಾಕ್ಕೆ ಬರುತ್ತಾಳೆ. ಆರನೇ ವಾರದಲ್ಲಿ ಅವಳು ಊರಲ್ಲಿದ್ದಳು, ಅಲ್ಲಿ ಯಾರೂ ಕೇಳಿರುವುದಿಲ್ಲ. ಇಲ್ಲಿಗೆ ಬಂದಾಗ ‘ಆ ವಾರ ಮುಗಿದುಹೋಗಿದೆ’ ಎಂದು ನಾವೂ ಬಿಡುತ್ತೇವೆ. ತವರಿನ ಆರೈಕೆ, ಎಣ್ಣೆ ನೀರು, ಅಮ್ಮನ ಜೊತೆ, ಎಲ್ಲವೂ ಒಂದೇ ದಿನ ನಿಂತು, ಶೀಟಿನ ಮನೆಯಲ್ಲಿ ಒಂಟಿಯಾಗುವುದು ಆ ಹೊತ್ತಿಗೇ. ಆದ್ದರಿಂದ ತವರಿಂದ ಮರಳಿ ಬಂದವಳಿಗೆ, ಮಗು ಎಷ್ಟು ತಿಂಗಳದ್ದಾದರೂ, ಬಂದ ಎರಡು ವಾರದೊಳಗೆ ಒಮ್ಮೆ ಕೇಳಿ. ಮೊದಲ ವರ್ಷ ಪೂರ್ತಿ ಈ ಪಟ್ಟಿ ನಡೆಯುತ್ತದೆ.

ಇನ್ನು ಅಂಕ. 1987ರಲ್ಲಿ ಎಡಿನ್‌ಬರೊದಲ್ಲಿ ತಯಾರಾದ ಈ ಪಟ್ಟಿ ಕೇಳುವುದು ಕಳೆದ ಏಳು ದಿನಗಳ ಬಗ್ಗೆ ಮಾತ್ರ. ಪ್ರತಿ ಪ್ರಶ್ನೆಗೆ 0ಯಿಂದ 3, ಒಟ್ಟು 30. ಕೂಡುವಾಗ ಆಗುವ ತಪ್ಪು ಯಾವಾಗಲೂ ಒಂದೇ. 1, 2, 4ನೇ ಪ್ರಶ್ನೆಗಳಲ್ಲಿ ಮೇಲಿನ ಉತ್ತರಕ್ಕೆ 0, ಕೆಳಗಿನದಕ್ಕೆ 3. ಉಳಿದ ಏಳರಲ್ಲಿ ಇದು ತಿರುವುಮುರುವು, ಮೇಲಿನದಕ್ಕೇ 3. ಹೊಸಬರು ಎಲ್ಲಕ್ಕೂ ಮೇಲಿಂದ 0, 1, 2, 3 ಎಂದು ಹಾಕುತ್ತಾ ಹೋಗುತ್ತಾರೆ. ಹಾಗೆ ಕೂಡಿದರೆ ತೀರಾ ಕುಗ್ಗಿದವಳಿಗೂ ಕಡಿಮೆ ಅಂಕ ಬರುತ್ತದೆ. ನಿಮ್ಮ ಹಳೆಯ 4, 5ಗಳಲ್ಲಿ ಕೆಲವು ಹೀಗೂ ಬಂದಿರಬಹುದು, ಕಾಗದಗಳನ್ನು ಇನ್ನೊಮ್ಮೆ ಕೂಡಿ ನೋಡಿ.

ಎಷ್ಟು ಅಂಕಕ್ಕೆ ಗೆರೆ ಎಳೆಯಬೇಕು ಎಂಬುದು ಭಾಷೆ, ಊರು ಬದಲಾದಂತೆ ಬದಲಾಗುತ್ತದೆ. ಕನ್ನಡ ಪಟ್ಟಿಯನ್ನು ಹಳ್ಳಿಯ ಗರ್ಭಿಣಿಯರಲ್ಲಿ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ಸರಿಯಾಗಿ ಹೊಂದಿತು. ನಿಮ್ಮ ಕೆಲಸಕ್ಕೆ ಹೀಗಿಟ್ಟುಕೊಳ್ಳಿ: 13 ಅಥವಾ ಹೆಚ್ಚು ಬಂದರೆ ವೈದ್ಯರ ಬಳಿ ಕಳಿಸಬೇಕು. 10ರಿಂದ 12 ಬಂದರೆ ಎರಡು ವಾರ ಬಿಟ್ಟು ಮತ್ತೆ ಕೇಳಬೇಕು, ನಡುವೆ ಒಮ್ಮೆ ಹೋಗಿ ಬರಬೇಕು. ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂತೇ ಎಂದು ಕೇಳುವ ಹತ್ತನೇ ಪ್ರಶ್ನೆಗೆ 0 ಬಿಟ್ಟು ಬೇರೇನು ಬಂದರೂ, ಒಟ್ಟು ಎಷ್ಟೇ ಇರಲಿ, ಅಂದೇ ಮುಂದಿನ ಮಾತು. ಇದು ರೋಗ ಇದೆ ಎನ್ನುವ ತೀರ್ಪಲ್ಲ, ವೈದ್ಯರು ನೋಡಬೇಕು ಎನ್ನುವ ಸೂಚನೆ ಅಷ್ಟೇ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ರೇಣುಕಾ ಎಂದು ಹೆಸರಿಟ್ಟುಕೊಳ್ಳೋಣ. 23 ವಯಸ್ಸು, ಎರಡನೆಯದೂ ಹೆಣ್ಣು ಮಗು, ಗಂಡ ಗೌಂಡಿ ಕೆಲಸದವನು. ಸಿಂದಗಿ ಕಡೆಯ ತವರಿಂದ ಮಗುವಿಗೆ ಮೂರು ತಿಂಗಳಾದಾಗ ಬಂದಿದ್ದಾಳೆ. ಮನೆಯಲ್ಲಿ ಅತ್ತೆಯೆದುರು ಕೇಳಿದಾಗ ಅಂಕ 5. ಹದಿನಾಲ್ಕನೇ ವಾರದ ಲಸಿಕೆಗೆ ಬಂದಾಗ ಒಳಗೆ ಒಬ್ಬಳನ್ನೇ ಕೂರಿಸಿ ಕೇಳಿದರೆ ಹೀಗೆ ಬರುತ್ತದೆ. ನಗು ಮೊದಲಿನಷ್ಟಿಲ್ಲ, 1. ಮುಂದಿನದನ್ನು ನೆನೆದು ಖುಷಿಪಡುವುದು ಬಹಳ ಕಡಿಮೆಯಾಗಿದೆ, 2. ತನ್ನನ್ನೇ ಬೈದುಕೊಳ್ಳುವುದು ಕೆಲವೊಮ್ಮೆ, 2. ಕಾರಣವಿಲ್ಲದ ಚಿಂತೆ ಕೆಲವೊಮ್ಮೆ, 2. ಕಾರಣವಿಲ್ಲದ ಹೆದರಿಕೆ ಅಷ್ಟಿಲ್ಲ, 1. ಕೆಲಸ ಕೈಗೆ ಹತ್ತುತ್ತಿಲ್ಲ, 2.

ಏಳನೆಯದು ನಿದ್ದೆಯ ಪ್ರಶ್ನೆ. ಹೆಚ್ಚು ತಪ್ಪಾಗುವುದು ಇಲ್ಲೇ, ಅದಕ್ಕೆ ಸ್ವಲ್ಪ ನಿಲ್ಲೋಣ. ‘ನಿದ್ದಿ ಎಲ್ಲಿಂದ ಬರ್ತದ್ರೀ, ಕೂಸು ರಾತ್ರಿಯೆಲ್ಲಾ ಅಳ್ತದ’ ಎಂದು ಎಲ್ಲ ಬಾಣಂತಿಯರೂ ಹೇಳುತ್ತಾರೆ. ಅದಕ್ಕೆ 3 ಹಾಕಿದರೆ ಲೆಕ್ಕ ಕೆಟ್ಟಿತು. ಪಟ್ಟಿ ಕೇಳುವುದು ಮಗು ಎಬ್ಬಿಸಿದ್ದನ್ನಲ್ಲ, ಮನಸ್ಸಿನ ಸಂಕಟದಿಂದ ನಿದ್ದೆ ಹೋದದ್ದನ್ನು. ಆದ್ದರಿಂದ ‘ಕೂಸು ಮಲಗಿದಾಗ ನಿನಗ ನಿದ್ದಿ ಹತ್ತತದೇನು?’ ಎಂದು ಬಿಡಿಸಿ ಕೇಳಿ. ರೇಣುಕಾ ಹೇಳುತ್ತಾಳೆ, ‘ಕೂಸು ಮಲಗಿರ್ತದ್ರೀ ಸಿಸ್ಟರ್, ನಾನು ಮೂರು ಗಂಟೆಗೆ ಎದ್ದು ಮ್ಯಾಲಿನ ತಗಡು ನೋಡ್ಕೋತ ಬಿದ್ದಿರ್ತೀನಿ. ದಿನಾ ಅಲ್ರೀ, ಒಮ್ಮೊಮ್ಮೆ.’ ಮಗು ಮಲಗಿದ್ದರೂ ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು ಖಿನ್ನತೆಯ ಬಲವಾದ ಗುರುತು. ಒಮ್ಮೊಮ್ಮೆ ಎಂದಿದ್ದಕ್ಕೆ 2. ಮುಂದೆ, ದುಃಖ ಆಗಾಗ, 2. ಅಳು ಅಪರೂಪಕ್ಕೆ, 1. ಹತ್ತನೆಯದಕ್ಕೆ ತಲೆ ತಗ್ಗಿಸಿ ‘ಎಲ್ಲೋ ಒಮ್ಮೆ’ ಎನ್ನುತ್ತಾಳೆ, 1. ಒಟ್ಟು 16.

ಅಳುವಿಗೆ ಬರೀ 1 ಬಂದದ್ದನ್ನು ಗಮನಿಸಿ. ಅಳುತ್ತಿಲ್ಲ, ಹಾಗಾಗಿ ಚೆನ್ನಾಗಿದ್ದಾಳೆ ಎಂದು ಮನೆಯವರು ತಿಳಿಯುತ್ತಾರೆ. ಎಷ್ಟೋ ಜನ ಅಳುವುದೂ ಇಲ್ಲ, ‘ತಲಿ ಭಾರ, ಮೈಯಾಗ ತ್ರಾಣಿಲ್ಲ, ಎದಿ ಡವಡವ ಅಂತದ’ ಎಂದಷ್ಟೇ ಹೇಳುತ್ತಾರೆ. ಇದನ್ನು ಮನಸ್ಸಿನದೇ ಎಂದು ತಳ್ಳಿಹಾಕಬೇಡಿ. ರಕ್ತ ಕಡಿಮೆಯಿದ್ದರೂ, ಥೈರಾಯ್ಡ್ ಏರುಪೇರಾದರೂ ಇದೇ ಲಕ್ಷಣ. 13 ಅಥವಾ ಹೆಚ್ಚು ಬಂದವಳನ್ನು ವೈದ್ಯರಿಗೆ ಕಳಿಸುವ ಚೀಟಿಯಲ್ಲಿ ಹಿಮೋಗ್ಲೋಬಿನ್, ಟಿಎಸ್‌ಎಚ್ ಎರಡನ್ನೂ ಕೇಳಿ.

ಈಗ ಹತ್ತನೇ ಪ್ರಶ್ನೆ. ಸಾಯುವ ಮಾತು ಕೇಳಿದರೆ ಆ ಯೋಚನೆ ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಬಹಳ ದಾದಿಯರಿಗಿದೆ. ಹಾಗಾಗುವುದಿಲ್ಲ. ಕೇಳಿದವರು ಸಿಕ್ಕರಲ್ಲ ಎಂದು ಹೆಚ್ಚಿನವರು ಹಗುರಾಗುತ್ತಾರೆ. ಈ ಪ್ರಶ್ನೆ ಬಂದಾಗ ದನಿ ಇಳಿಸಿ ಗಡಿಬಿಡಿಯಲ್ಲಿ ಓದಿ ದಾಟಿಸಬೇಡಿ, ಉಳಿದ ಒಂಬತ್ತನ್ನು ಓದಿದ ದನಿಯಲ್ಲೇ ಓದಿ. ಉತ್ತರ 1 ಬಂದರೂ ಪೆನ್ನು ಕೆಳಗಿಟ್ಟು ಕೇಳಿ: ‘ಏನು ಅನಸ್ತದ ಆಗ, ಹೇಳವ್ವ.’ ರೇಣುಕಾ ಹೇಳುವುದು, ‘ಮಲಗಿದಾಕಿ ಏಳಬಾರದು ಅನಸ್ತದ್ರೀ.’ ಇದು ಸಾವು ಬಂದರೆ ಬರಲಿ ಎಂಬ ಯೋಚನೆ. ತಾನೇ ಮಾಡಿಕೊಳ್ಳುವ ಯೋಚನೆಯೂ ಇದೆಯೇ ಎಂದು ತಿಳಿಯಲು ಒಂದೊಂದಾಗಿ ಮುಂದೆ ಹೋಗಬೇಕು. ಹೇಗೆ ಮಾಡಿಕೊಳ್ಳಬೇಕು ಅಂತ ಯೋಚಿಸಿದ್ದೀಯಾ? ಅದಕ್ಕೆ ಬೇಕಾದ್ದು ಮನೆಯಲ್ಲಿದೆಯಾ, ಇಲಿ ಪಾಷಾಣ, ಸೀಮೆಎಣ್ಣೆ, ಮಾತ್ರೆ? ಹಿಂದೆ ಯಾವತ್ತಾದರೂ ಪ್ರಯತ್ನ ಮಾಡಿದ್ದೀಯಾ? ಮಗುವನ್ನೂ ಕರೆದುಕೊಂಡು ಹೋಗಬೇಕು ಅನ್ನಿಸಿದೆಯಾ? ಇಲ್ಲಿಯವರೆಗೆ ತಡೆದದ್ದು ಯಾವುದು?

ರೇಣುಕಾಳಿಗೆ ಉಪಾಯ ಇಲ್ಲ, ಹಿಂದೆ ಪ್ರಯತ್ನವಿಲ್ಲ, ದೊಡ್ಡ ಮಗಳ ನೆನಪು ತಡೆಯುತ್ತದೆ. ಇಂಥವಳನ್ನು ಒಂದೆರಡು ದಿನದೊಳಗೆ ವೈದ್ಯರಿಗೆ ತೋರಿಸಬೇಕು. ಅವಳೇ ಆರಿಸಿದ ಮನೆಯ ಒಬ್ಬರಿಗೆ, ಅವಳ ಒಪ್ಪಿಗೆ ಪಡೆದು, ‘ಒಬ್ಬಳನ್ನೇ ಬಿಡಬೇಡಿ, ವಿಷದ ವಸ್ತು ಮನೆಯಲ್ಲಿಡಬೇಡಿ’ ಎಂದು ಹೇಳಬೇಕು. ಟೆಲಿ ಮಾನಸ್ ಸಹಾಯವಾಣಿ 14416ನ್ನು ಅವಳ ಮೊಬೈಲಿನಲ್ಲಿ ನಿಮ್ಮೆದುರೇ ಉಳಿಸಿ. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಗೋವಾದಲ್ಲಿ ಕೂತು ಫೋನ್ ಮಾಡಿದಾಗ ಮೊದಲು ಬೇರೆ ಭಾಷೆ ಕೇಳಿಸಿದರೆ ಕನ್ನಡ ಆರಿಸಿಕೊಳ್ಳಬೇಕು ಎಂದು ಹೇಳಿಕೊಡಿ, ಇಲ್ಲವಾದರೆ ಅಲ್ಲೇ ಇಟ್ಟುಬಿಡುತ್ತಾರೆ. ಉಪಾಯ ಇದೆ, ವಸ್ತು ಕೈಗೆಟುಕುವಂತಿದೆ, ಅಥವಾ ಹಿಂದೆ ಪ್ರಯತ್ನ ಆಗಿದೆ ಎಂದರೆ ಒಂದೆರಡು ದಿನದ ಮಾತೇ ಇಲ್ಲ. ಅವಳ ಜೊತೆಯಲ್ಲೇ ಕೂತು 108 ಕರೆಯಿರಿ. ಜುವಾರಿ ಸೇತುವೆ ದಾಟಿದರೆ ಬಾಂಬೋಳಿಯಲ್ಲಿ ಗೋವಾ ವೈದ್ಯಕೀಯ ಕಾಲೇಜು ಇದೆ, ಪಕ್ಕದಲ್ಲೇ ಮನೋರೋಗ ಸಂಸ್ಥೆಯೂ ಇದೆ. ‘ಅಲ್ಲಿ ಸೇರಿಸಿದರೆ ಕೂಸನ್ನು ಕಸಿದುಕೊಳ್ತಾರೆ’ ಎಂಬ ಭಯಕ್ಕೆ ಉತ್ತರ ಕಾನೂನಿನಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಮಗುವಿಗೆ ಅಪಾಯವಿದೆ ಎಂದು ವೈದ್ಯರಿಗೆ ಕಂಡರೆ ಮಾತ್ರ ತಾತ್ಕಾಲಿಕವಾಗಿ ಬೇರೆ ಇಡಬಹುದು.

ಪಟ್ಟಿಯನ್ನೇ ಹಿಡಿಯಬಾರದ ಸಂದರ್ಭವೂ ಒಂದಿದೆ. ಹೆರಿಗೆಯಾದ ಮೊದಲ ಎರಡು ವಾರದಲ್ಲಿ ಬಾಣಂತಿ ರಾತ್ರಿಯೆಲ್ಲಾ ನಿದ್ದೆ ಮಾಡದೆ, ದಣಿವೂ ಕಾಣದೆ ಓಡಾಡುತ್ತಿದ್ದರೆ, ಸಂಬಂಧವಿಲ್ಲದ ಮಾತಾಡಿದರೆ, ಯಾರೋ ಮಾತಾಡುವುದು ಕೇಳಿಸುತ್ತದೆ ಎಂದರೆ, ಇದು ನನ್ನ ಕೂಸಲ್ಲ ಎಂದು ನಂಬಿ ಹೇಳಿದರೆ, ಅದು ಬಾಣಂತಿಯ ತೀವ್ರ ಮನೋವಿಕಾರ. ಸಾವಿರ ಹೆರಿಗೆಗೆ ಒಂದೋ ಎರಡೋ ಮಾತ್ರ. ಆದರೆ ಗಂಟೆಗಳಲ್ಲಿ ಬಿಗಡಾಯಿಸುತ್ತದೆ, ತಾಯಿ ಮಗು ಇಬ್ಬರಿಗೂ ಜೀವದ ಅಪಾಯ. ಅಂದೇ ಆಸ್ಪತ್ರೆ. ಮನೆಯವರು ಗಾಳಿ ಬಡಿದಿದೆ ಎಂದು ದೇವರಿಗೋ ದರ್ಗಾಕ್ಕೋ ಹೊರಟಿರುತ್ತಾರೆ. ವಾದಕ್ಕೆ ನಿಂತರೆ ನಿಮ್ಮನ್ನೇ ದೂರವಿಡುತ್ತಾರೆ. ‘ಅಲ್ಲಿಗೂ ಹೋಗ್ರಿ, ಮೊದಲ ಇಂಜೆಕ್ಷನ್ ಆಗಲಿ’ ಎನ್ನಿ.

ಇನ್ನು ಏನು ಮಾತಾಡಬೇಕು ಎಂಬುದು. ಮನೋವೈದ್ಯೆಯಾಗಿರಬೇಕಿಲ್ಲ. ಎಡಿನ್‌ಬರೊ ಪಟ್ಟಿ ಮಾಡಿದ ತಂಡವೇ 1989ರಲ್ಲಿ ಇದನ್ನು ಪರೀಕ್ಷಿಸಿತು. ಕಿರು ತರಬೇತಿ ಪಡೆದ, ಮನೆ ಭೇಟಿ ಮಾಡುವ ದಾದಿಯರು ಖಿನ್ನತೆಯಿದ್ದ ಬಾಣಂತಿಯರ ಮನೆಗೆ ವಾರಕ್ಕೊಮ್ಮೆ, ಕನಿಷ್ಠ ಅರ್ಧ ಗಂಟೆ, ಎಂಟು ವಾರ ಹೋಗಿ ಕಿವಿಗೊಟ್ಟು ಕೇಳಿದರು. ಅವರಲ್ಲಿ 69 ಪ್ರತಿಶತ ಚೇತರಿಸಿಕೊಂಡರು. ಹಾಗೆ ಭೇಟಿ ಸಿಗದವರಲ್ಲಿ ಅದು 38. ಚಿಕ್ಕ ಅಧ್ಯಯನ, ಐವತ್ತು ತಾಯಂದಿರದ್ದು. ನಿಮ್ಮ ಗೋವಾದಲ್ಲೇ ಸಂಗಾತ್ ಸಂಸ್ಥೆ ತರಬೇತಿ ಕೊಟ್ಟ ನೆರೆಹೊರೆಯ ಹೆಂಗಸರು ಇಂಥದೇ ಭೇಟಿ ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಗಿದೆ, ಅಲ್ಲೂ ಆರನೇ ತಿಂಗಳಲ್ಲಿ ಚೇತರಿಕೆ ಹೆಚ್ಚಿತ್ತು.

ಮೊದಲ ಎರಡು ಭೇಟಿಗಳಲ್ಲಿ ಸಲಹೆ ಕೊಡಬೇಡಿ. ಇದೇ ಕಷ್ಟದ ಭಾಗ, ಯಾಕೆಂದರೆ ನಮ್ಮ ಕೆಲಸವೇ ಹೇಳಿಕೊಡುವುದು. ರೇಣುಕಾ ‘ಈ ಸಲಾನೂ ಹೆಣ್ಣಾತು’ ಎನ್ನುತ್ತಾಳೆ. ‘ಲಕ್ಷ್ಮಿ ಬಂದಾಳ ಬಿಡು’ ಎಂದರೆ ಬಾಗಿಲು ಮುಚ್ಚಿತು, ಇವರಿಗೂ ನನ್ನ ಸಂಕಟ ಬೇಡ ಎಂದು ಅವಳಿಗೆ ತಿಳಿದುಹೋಯಿತು. ‘ಎಲ್ಲಾರೂ ಹಡೀತಾರ’, ‘ಧೈರ್ಯ ತಗೋ’ ಕೂಡ ಹಾಗೆಯೇ. ಬದಲಿಗೆ, ‘ಹೆಣ್ಣಾತು ಅಂದಾಗ ಮನ್ಯಾಗ ಏನಂದ್ರು?’ ಎಂದು ಕೇಳಿ ಸುಮ್ಮನಾಗಿ. ಅವಳು ಸುಮ್ಮನಾದರೆ ನೀವೂ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ, ಹೆಚ್ಚಾಗಿ ಅವಳೇ ಮುಂದುವರಿಸುತ್ತಾಳೆ. ‘ಅತ್ತಿ ಮೂರು ದಿನ ಕೂಸಿನ ಮಾರಿ ನೋಡಲಿಲ್ರೀ.’ ಅದನ್ನೇ ತಿರುಗಿ ಹೇಳಿ: ‘ಮೂರು ದಿನ ನೋಡಲಿಲ್ಲ. ನಿನಗ ನೀನೇ ತಪ್ಪು ಮಾಡಿದಂಗ ಅನಿಸಿರಬೇಕು.’ ಪಟ್ಟಿಯ ಮೂರನೇ ಪ್ರಶ್ನೆಗೆ 2 ಬಂದದ್ದು ಎಲ್ಲಿಂದ ಎಂದು ಇಲ್ಲಿ ಗೊತ್ತಾಗುತ್ತದೆ. ಗೋವಾದ ತಾಯಂದಿರ ಮೇಲೆ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆಯಿತ್ತು. ಬಡತನ, ಗಂಡನ ಹೊಡೆತ, ಹುಟ್ಟಿದ್ದು ಹೆಣ್ಣು ಎನ್ನುವುದು ಒಂದರ ಮೇಲೊಂದು ಬಿದ್ದಲ್ಲಿ ಅಪಾಯ ಹೆಚ್ಚಿತ್ತು. ಹಾಗಾಗಿ ಹೊಡೆತದ ಬಗ್ಗೆಯೂ ಕೇಳಿ, ಅವಳೊಬ್ಬಳೇ ಇದ್ದಾಗ ಮಾತ್ರ. ಹೌದೆಂದರೆ 181 ಮಹಿಳಾ ಸಹಾಯವಾಣಿ ತಿಳಿಸಿ. ನೀವಾಗಿ ಗಂಡನನ್ನು ಕರೆದು ಬುದ್ಧಿ ಹೇಳಲು ಹೋಗಬೇಡಿ, ಆ ಸಿಟ್ಟು ರಾತ್ರಿ ಅವಳ ಮೇಲೆ ತಿರುಗುತ್ತದೆ.

ಮೂರನೇ ಭೇಟಿಯಿಂದ ಒಂದೇ ಒಂದು ತೊಂದರೆಯನ್ನು ಅವಳೇ ಆರಿಸಲಿ. ರೇಣುಕಾ ನಿದ್ದೆ ಎನ್ನುತ್ತಾಳೆ. ಅವಳ ಒಪ್ಪಿಗೆಯ ಮೇಲೆ ಅತ್ತೆಯನ್ನು ಕೂರಿಸಿಕೊಂಡು, ಬೈಯದೆ, ಕೆಲಸ ಹಂಚಿ: ರಾತ್ರಿ ಒಂಬತ್ತಕ್ಕೆ ಹಾಲು ಕುಡಿಸಿ ಅವಳು ಮಲಗುತ್ತಾಳೆ. ತೇಗಿಸುವುದು, ಬಟ್ಟೆ ಬದಲಿಸುವುದು, ತೊಟ್ಟಿಲು ತೂಗುವುದು ಅತ್ತೆಯದು. ಮಗು ಹಸಿದಾಗ ಮಾತ್ರ ಎಬ್ಬಿಸುವುದು. ಮೂರು ಗಂಟೆ ಒಂದೇ ನಿದ್ದೆ ಸಿಕ್ಕರೂ ಬೆಳಗ್ಗೆ ಫರಕು ಕಾಣುತ್ತದೆ. ಮುಂದಿನ ವಾರ ಮೊದಲು ಅದನ್ನೇ ಕೇಳಿ, ಎಷ್ಟು ರಾತ್ರಿ ಆಯಿತು, ಯಾವ ರಾತ್ರಿ ಆಗಲಿಲ್ಲ, ಯಾಕೆ. ಏಳರಲ್ಲಿ ಮೂರು ರಾತ್ರಿ ಆಗಿದ್ದರೆ ಮುಂದಿನ ಸಲ ಆ ಮೂರನ್ನೇ ಉಳಿಸಿಕೊಳ್ಳಿ, ಹೊಸ ಕೆಲಸ ಸೇರಿಸಬೇಡಿ. ಅದು ರೂಢಿಯಾದ ಮೇಲೆ ಎರಡನೆಯದು: ಹೊತ್ತೇರುವ ಮೊದಲು ಸ್ನಾನ, ಅಥವಾ ಸಂಜೆ ಪಕ್ಕದ ಮನೆಯವಳ ಜೊತೆ ನಳದವರೆಗೆ ನಡೆದು ಬರುವುದು. ಇಷ್ಟು ಸಣ್ಣದಿರಬೇಕು. ದೊಡ್ಡದು ಹೇಳಿ ಆಗದೇಹೋದರೆ ಅದೂ ತನ್ನ ತಪ್ಪೇ ಎಂದು ಎಣಿಸಿಕೊಳ್ಳುತ್ತಾಳೆ.

ನಾಲ್ಕನೇ ಭೇಟಿಯಲ್ಲಿ, ಎಂಟನೆಯದರಲ್ಲಿ ಪಟ್ಟಿ ಮತ್ತೆ. 16 ಇದ್ದದ್ದು 14 ಆದರೆ ಅದನ್ನು ಸುಧಾರಣೆ ಎಂದು ಬರೆಯಬೇಡಿ, ದಿನದಿಂದ ದಿನಕ್ಕೆ ಅಷ್ಟು ಏರಿಳಿತ ಇದ್ದೇ ಇರುತ್ತದೆ. 4 ಅಂಕವಾದರೂ ಇಳಿಯಬೇಕು. ನಾಲ್ಕನೇ ಭೇಟಿಗೂ ಇಳಿಯದಿದ್ದರೆ, ಅಥವಾ ಮಗುವನ್ನು ಎತ್ತಿಕೊಳ್ಳುವುದೂ ಬೇಡವಾಗಿದ್ದರೆ, ಮಾತು ಸಾಕಾಗುತ್ತಿಲ್ಲ, ವೈದ್ಯರನ್ನು ಮತ್ತೆ ಕಾಣಬೇಕು. ಮಾತ್ರೆ ಬರೆದರೆ ಮನೆಯವರ ಮೊದಲ ಮಾತು ‘ಹಾಲು ಬಿಡಿಸೋಣ’. ಬೇಡ. ಸರ್ಟ್ರಾಲಿನ್‌ನಂಥ ಮಾತ್ರೆಗಳನ್ನು ಹಾಲುಣಿಸುವಾಗಲೂ ಕೊಡುತ್ತಾರೆ. ಗುಣ ಕಾಣಲು ಎರಡು ಮೂರು ವಾರ ಬೇಕು, ಆ ನಡುವೆಯೇ ‘ಏನೂ ಆಗಲಿಲ್ಲ’ ಎಂದು ಬಿಡುತ್ತಾರೆ. ಆದ್ದರಿಂದ ಮಾತ್ರೆ ಶುರುವಾದ ಹತ್ತನೇ ದಿನದ ಹೊತ್ತಿಗೆ ಒಮ್ಮೆ ಹೋಗಿ ಬನ್ನಿ.

ಅಂಕವನ್ನು ತಾಯಿ ಕಾರ್ಡಿನ ಮೇಲೆ ಬರೆಯಬೇಡಿ, ಅದನ್ನು ಮನೆಯವರೆಲ್ಲಾ ಓದುತ್ತಾರೆ. ನಿಮ್ಮ ರಿಜಿಸ್ಟರಿನಲ್ಲಿರಲಿ. ಜಾತ್ರೆಗೋ ರಾಶಿಗೋ ಅವಳು ನಡುವೆ ಊರಿಗೆ ಹೊರಟರೆ ಒಂದು ಚೀಟಿ ಬರೆದು, ಮಡಿಸಿ ಅಂಟಿಸಿ, ಅವಳ ಕೈಗೇ ಕೊಡಿ: ಯಾವ ತಾರೀಖಿಗೆ ಎಷ್ಟು ಅಂಕ, ಹತ್ತನೇ ಪ್ರಶ್ನೆಯ ಉತ್ತರ, ಮಾತ್ರೆಯ ಹೆಸರು, ನಿಮ್ಮ ಫೋನ್ ನಂಬರು. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ಬರುತ್ತಾರೆ. ಅವಳ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಅಲ್ಲಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಕೇಳಿಕೊಂಡು, ಆ ತಾರೀಖನ್ನೂ ಚೀಟಿಯಲ್ಲೇ ಬರೆದುಬಿಡಿ.